ದುಡ್ಡು ಹೋದ ಮೊದಲ ಅರ್ಧ ಗಂಟೆ: 1930ಕ್ಕೆ ಕರೆ ಮಾಡುವಾಗ ಕೈಯಲ್ಲಿ ಏನಿರಬೇಕು

ಅವತ್ತು ಸಂಜೆ ನಾಲ್ಕು ನಲವತ್ತಕ್ಕೆ ಸಾಗರದ ಹತ್ತಿರದ ನಮ್ಮೂರಿಂದ ಚಿಕ್ಕಪ್ಪನ ಫೋನ್ ಬಂತು. ಯಾವತ್ತೂ ಗಟ್ಟಿ ದನಿಯಲ್ಲಿ ಮಾತಾಡುವ ಮನುಷ್ಯ, ಅವತ್ತು ಪಿಸುಗುಟ್ಟುತ್ತಿದ್ದರು. "ಖಾತೆಯಿಂದ ಎರಡು ಸಲ ದುಡ್ಡು ಹೋಯ್ತು ಮಾರಾಯ. ನಿನ್ನ ಚಿಕ್ಕಮ್ಮಂಗೆ ಇನ್ನೂ ಹೇಳಿಲ್ಲ. ನಾಳೆ ಬೆಳಗ್ಗೆ ಬ್ಯಾಂಕ್ ತೆಗೀತಿದ್ದ ಹಾಗೆ ಹೋಗಿ ಮ್ಯಾನೇಜರ್ ಹತ್ರ ಕೇಳ್ತೆ."

ನಡೆದದ್ದು ಇಷ್ಟು. ಬರಬೇಕಾಗಿದ್ದ ಪಾರ್ಸೆಲ್ ಬಂದಿರಲಿಲ್ಲ. ಕೊರಿಯರ್‌ನವರ ಸಹಾಯವಾಣಿ ನಂಬರ್ ಯಾವುದು ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿದ್ದಾರೆ. ಮೊದಲು ಕಂಡ ನಂಬರಿಗೆ ಫೋನ್ ಮಾಡಿದ್ದಾರೆ. ಆ ಕಡೆಯವನು ಬಹಳ ಮರ್ಯಾದೆಯಿಂದಲೇ ಮಾತಾಡಿ, ವಿಳಾಸ ಸರಿಪಡಿಸಬೇಕು ಅಂದಿದ್ದಾನೆ. ಯುಪಿಐ ಆ್ಯಪ್ ತೆಗೆಸಿ, "ಈ ಕೋಡ್ ಒತ್ತಿ ಸರ್" ಅಂತ 24870 ಒತ್ತಿಸಿದ್ದಾನೆ. ಅವನು ಕೋಡ್ ಅಂದದ್ದು ರೂಪಾಯಿ. ಒತ್ತಿಸಿದ್ದು ಮೊತ್ತ ಹಾಕುವ ಜಾಗದಲ್ಲಿ. ಆಮೇಲೆ ಪಿನ್. "ಆಗಲಿಲ್ಲ ಸರ್, ಇನ್ನೊಂದು ಕೋಡ್ ಕಳಿಸ್ತೀನಿ" ಅಂದು 38615 ಒತ್ತಿಸಿದ್ದಾನೆ. ಮತ್ತೆ ಪಿನ್. ಮೊದಲನೆಯದು 4:18ಕ್ಕೆ, ಎರಡನೆಯದು 4:26ಕ್ಕೆ. ಅಡಿಕೆ ಮಾರಿ ಬಂದ ದುಡ್ಡಿನಲ್ಲಿ ಎಂಟು ನಿಮಿಷದಲ್ಲಿ 63,485 ರೂಪಾಯಿ ಹೋಗಿತ್ತು.

ನಾಳೆ ಬೆಳಗ್ಗೆ ಬ್ಯಾಂಕಿಗೆ ಹೋಗುವುದು ಅಂದರೆ ಹದಿನೇಳು ಗಂಟೆ ಕಾಯುವುದು. ನಮ್ಮ ಕೈಲಿದ್ದದ್ದು ನಿಮಿಷಗಳು. ಅವತ್ತು ನಾವು ಮಾಡಿದ್ದನ್ನು, ಮಾಡುವಾಗ ಎಡವಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಇಂಥದ್ದು ನಡೆದ ಹೊತ್ತಿನಲ್ಲಿ ಲೇಖನ ಓದುವಷ್ಟು ಸಮಾಧಾನ ಯಾರಿಗೂ ಇರುವುದಿಲ್ಲ, ಈಗಲೇ ಒಮ್ಮೆ ಓದಿಟ್ಟುಕೊಳ್ಳಿ.

1930 ಏನು ಮಾಡುತ್ತದೆ

ಇದು ಆನ್‌ಲೈನ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ ಇದನ್ನು ಕಟ್ಟಿದೆ, ಕರೆ ತೆಗೆದುಕೊಳ್ಳುವವರು ಆಯಾ ರಾಜ್ಯದ ಪೊಲೀಸರು. 2021ರಲ್ಲಿ ಶುರುವಾದಾಗ ಇದರ ನಂಬರ್ 155260 ಆಗಿತ್ತು, ಮರುವರ್ಷ 1930 ಆಯಿತು. ಹಳೆಯ ನಂಬರ್ ಈಗಲೂ ಕೆಲವು ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಓಡಾಡುತ್ತಿದೆ, ಅದನ್ನು ಮರೆತುಬಿಡಿ.

ಪೊಲೀಸರಿಗೆ ಫೋನ್ ಮಾಡಿದರೆ ಅವರು ಕಳ್ಳನನ್ನು ಹಿಡಿಯಲು ಹೊರಡುತ್ತಾರೆ ಎಂಬ ಚಿತ್ರ ನಮ್ಮ ತಲೆಯಲ್ಲಿರುತ್ತದೆ. 1930ರ ಮೊದಲ ಕೆಲಸ ಅದಲ್ಲ. ಅಲ್ಲಿ ಹಿಡಿಯಲು ನೋಡುವುದು ಹಣವನ್ನು. ನೀವು ಹೇಳಿದ ವಿವರವನ್ನು ಅಲ್ಲಿನ ಸಿಬ್ಬಂದಿ ಒಂದು ಕಂಪ್ಯೂಟರ್ ವ್ಯವಸ್ಥೆಗೆ ಹಾಕುತ್ತಾರೆ. ಬ್ಯಾಂಕುಗಳು, ವಾಲೆಟ್ ಕಂಪನಿಗಳು ಆ ವ್ಯವಸ್ಥೆಗೆ ಜೋಡಿಕೊಂಡಿವೆ. ನಿಮ್ಮ ದೂರು ನಿಮ್ಮ ಬ್ಯಾಂಕಿಗೂ ಹಣ ಹೋಗಿ ಸೇರಿದ ಬ್ಯಾಂಕಿಗೂ ಕಾಣುತ್ತದೆ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ಬ್ಯಾಂಕಿನವರು ಅಷ್ಟು ಮೊತ್ತವನ್ನು ಹೋಲ್ಡ್ ಮಾಡುತ್ತಾರೆ, ಖಾತೆದಾರ ತೆಗೆಯಲು ಹೋದರೆ ಬರುವುದಿಲ್ಲ. ಹಣ ಅಷ್ಟರಲ್ಲಿ ಬೇರೆ ಬ್ಯಾಂಕಿಗೆ ದಾಟಿದ್ದರೆ ಯಾವ ಖಾತೆಗೆ ದಾಟಿತು ಎಂಬುದನ್ನು ಆ ಬ್ಯಾಂಕು ಅದೇ ವ್ಯವಸ್ಥೆಯಲ್ಲಿ ತುಂಬುತ್ತದೆ, ದೂರು ಆ ಮುಂದಿನ ಬ್ಯಾಂಕಿಗೆ ಹೋಗುತ್ತದೆ. ಹೀಗೆ ಖಾತೆಯಿಂದ ಖಾತೆಗೆ ಬೆನ್ನು ಹತ್ತುವುದು ನಡೆಯುತ್ತದೆ.

ಕಳ್ಳರ ಕಡೆಯೂ ಇದು ಗೊತ್ತು. ಹಾಗಾಗಿಯೇ ಅವರು ಹಣವನ್ನು ಒಂದೇ ಕಡೆ ಇಡುವುದಿಲ್ಲ. ಯಾರದೋ ಹೆಸರಿನಲ್ಲಿ ತೆಗೆಸಿದ ಬಾಡಿಗೆ ಖಾತೆಗೆ ಮೊದಲು ಬೀಳುತ್ತದೆ, ಅಲ್ಲಿಂದ ಚೂರುಚೂರಾಗಿ ಎರಡು ಮೂರು ಖಾತೆಗೆ ಹರಿಯುತ್ತದೆ, ಕೊನೆಗೆ ಎಟಿಎಂನಿಂದ ನಗದಾಗಿ ಹೊರಬೀಳುತ್ತದೆ. ನಗದಾದ ಮೇಲೆ ಹೋಲ್ಡ್ ಮಾಡಲು ಏನೂ ಉಳಿಯುವುದಿಲ್ಲ. ಪೊಲೀಸರು ಗೋಲ್ಡನ್ ಅವರ್ ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಒಂದು ಗಂಟೆ ದಾಟಿತು ಅಂತ ಸುಮ್ಮನೆ ಕೂರುವುದೂ ಬೇಡ, ಕೆಲವೊಮ್ಮೆ ಮರುದಿನವೂ ಹಣ ಎಲ್ಲೋ ಒಂದು ಖಾತೆಯಲ್ಲಿ ಕೂತಿರುತ್ತದೆ.

ಫೋನ್ ಎತ್ತುವ ಮುಂಚಿನ ಎರಡು ನಿಮಿಷ

ಮೊದಲು ಆ ಕಡೆಯವನ ಕರೆ ಕತ್ತರಿಸಿ. ಚಿಕ್ಕಪ್ಪ ನನಗೆ ಫೋನ್ ಮಾಡಿದಾಗಲೂ ಅವನು ನಡುನಡುವೆ ಕರೆ ಮಾಡುತ್ತಲೇ ಇದ್ದ, "ರಿಫಂಡ್ ಹಾಕ್ತೀನಿ, ಇನ್ನೊಂದೇ ಕೋಡ್" ಅನ್ನುತ್ತಿದ್ದ. ಅವನಿಗೆ ಬೈಯುವುದಕ್ಕೂ ಫೋನ್ ಎತ್ತಬೇಡಿ. ಅವನು ಹೇಳಿ ಹಾಕಿಸಿದ ಯಾವುದಾದರೂ ಆ್ಯಪ್ ಮೊಬೈಲಿನಲ್ಲಿದ್ದರೆ, ಅಥವಾ ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲ್ ಒತ್ತಿದ ಮೇಲೆ ಹಣ ಹೋಗಿದ್ದರೆ, ಆ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ವೈಫೈ ಕೂಡ ಆರಿಸಿ. ಅಂಥ ಆ್ಯಪ್ ನಿಮ್ಮ ಪರದೆಯನ್ನೋ ಒಟಿಪಿ ಮೆಸೇಜನ್ನೋ ಆ ಕಡೆಗೆ ತೋರಿಸುತ್ತಿರಬಹುದು. ಮುಂದಿನ ಕರೆಗಳನ್ನೆಲ್ಲ ಮನೆಯ ಬೇರೊಂದು ಫೋನಿನಿಂದ ಮಾಡಿ.

ಏನನ್ನೂ ಅಳಿಸಬೇಡಿ. ನಾಚಿಕೆಗೋ ಸಿಟ್ಟಿಗೋ ಜನ ಮೊದಲು ಮಾಡುವ ಕೆಲಸ ಅದೇ. ಚಾಟ್ ಅಳಿಸುತ್ತಾರೆ, ಕಾಲ್ ಲಿಸ್ಟ್ ಅಳಿಸುತ್ತಾರೆ, ಆ್ಯಪ್ ಕಿತ್ತುಹಾಕುತ್ತಾರೆ. ಚಿಕ್ಕಪ್ಪನೂ ಆ ಕಳ್ಳನ ವಾಟ್ಸಾಪ್ ಮೆಸೇಜುಗಳನ್ನು ಅಳಿಸಿಯಾಗಿತ್ತು. ಪುಣ್ಯಕ್ಕೆ ಕಾಲ್ ಲಿಸ್ಟ್ ಉಳಿದಿತ್ತು.

ಇನ್ನು ಒಂದು ಹಾಳೆ, ಒಂದು ಪೆನ್ನು. ಮೊಬೈಲಿನಲ್ಲಿ ಬರೆದುಕೊಳ್ಳುವೆ ಅಂದರೆ ಮಾತಾಡುತ್ತಾ ನೋಡಿ ಓದುವುದು ಕಷ್ಟ. ಹಾಳೆಯ ಮೇಲೆ ಇಷ್ಟು ಇರಲಿ: ನಿಮ್ಮ ಹೆಸರು, ವಿಳಾಸ, ಬ್ಯಾಂಕಿನಲ್ಲಿ ಕೊಟ್ಟಿರುವ ಮೊಬೈಲ್ ನಂಬರ್. ಯಾವ ಬ್ಯಾಂಕು, ಖಾತೆ ನಂಬರ್ ಪೂರ್ತಿ. ಹಣ ಹೋದದ್ದು ಯುಪಿಐ ಮೂಲಕವೋ, ಕಾರ್ಡಿನಲ್ಲೋ, ನೆಟ್ ಬ್ಯಾಂಕಿಂಗ್‌ನಲ್ಲೋ, ವಾಲೆಟ್‌ನಿಂದಲೋ. ಪ್ರತಿ ಸಲ ಹೋದ ಮೊತ್ತ ಪೈಸೆ ಸಮೇತ, ದಿನ, ಗಂಟೆ, ನಿಮಿಷ. ಹಣ ಹೋಗಿ ಬಿದ್ದ ಯುಪಿಐ ಐಡಿ ಅಥವಾ ಖಾತೆ. ಕಳ್ಳ ಕರೆ ಮಾಡಿದ ನಂಬರ್. ಜೊತೆಗೆ ಪ್ರತಿ ವಹಿವಾಟಿನ ಉಲ್ಲೇಖ ಸಂಖ್ಯೆ. ಈ ಕೊನೆಯದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಎಲ್ಲದರ ಕೀಲಿ ಅದೇ.

ಆ ಹನ್ನೆರಡು ಅಂಕಿ

ನೀವು ಯಾರಿಗೆ ಯುಪಿಐ ಮಾಡಿದರೂ ಆ ವಹಿವಾಟಿಗೆ ಹನ್ನೆರಡು ಅಂಕಿಯ ಒಂದು ಸಂಖ್ಯೆ ಬರುತ್ತದೆ. ಇದನ್ನು ಯುಟಿಆರ್ ಅನ್ನುತ್ತಾರೆ, ಆರ್‌ಆರ್‌ಎನ್ ಅನ್ನುತ್ತಾರೆ, ಬ್ಯಾಂಕಿನ ಮೆಸೇಜಿನಲ್ಲಿ ಬರೀ ರೆಫ್ ನಂಬರ್ ಅಂತ ಇರುತ್ತದೆ. ಐಎಂಪಿಎಸ್‌ಗೂ ಹನ್ನೆರಡು ಅಂಕಿಯೇ. ನಿಮ್ಮ ಬ್ಯಾಂಕು, ಆ ಕಡೆಯ ಬ್ಯಾಂಕು ಎರಡೂ ಒಂದೇ ವಹಿವಾಟನ್ನು ಗುರುತಿಸುವುದು ಈ ಸಂಖ್ಯೆಯಿಂದ. 1930ರವರು ಇದನ್ನು ಹಾಕಿದಾಗಲೇ ಬೆನ್ನಟ್ಟುವುದು ಶುರುವಾಗುವುದು. ಒಂದು ಅಂಕಿ ತಪ್ಪಿದರೂ ಆ ಕಡೆಯ ಬ್ಯಾಂಕು "ಇಂಥ ವಹಿವಾಟೇ ಇಲ್ಲ" ಅನ್ನುತ್ತದೆ.

ಎಲ್ಲಿ ಹುಡುಕುವುದು? ಸುಲಭದ ಜಾಗ ಬ್ಯಾಂಕಿನ ಎಸ್‌ಎಂಎಸ್. ಹೆಚ್ಚುಕಡಿಮೆ ಹೀಗಿರುತ್ತದೆ, ಅಂಕಿಗಳು ಇಲ್ಲಿ ಬರೀ ಮಾದರಿಗೆ:

```
A/c X4412 debited by Rs 24870.00
UPI Ref No 512345678901
```

ಇದರಲ್ಲಿ ಎರಡನೇ ಸಾಲಿನ ಸಂಖ್ಯೆ ನಮಗೆ ಬೇಕಾದದ್ದು. ಎಸ್‌ಎಂಎಸ್ ಬಂದಿಲ್ಲವಾದರೆ ಯುಪಿಐ ಆ್ಯಪಿನ ಹಿಸ್ಟರಿ ತೆಗೆದು ಆ ವಹಿವಾಟಿನ ಮೇಲೆ ಒತ್ತಿ. ಇಲ್ಲಿಯೇ ನಾವು ಎಡವಿದ್ದು. ಆ್ಯಪ್‌ಗಳು ಒಂದೇ ಪುಟದಲ್ಲಿ ಎರಡೆರಡು ನಂಬರ್ ತೋರಿಸುತ್ತವೆ. ಫೋನ್‌ಪೇಯಲ್ಲಿ `T` ಅಕ್ಷರದಿಂದ ಶುರುವಾಗುವ ಉದ್ದದ `Transaction ID` ಒಂದು, ಅದರ ಕೆಳಗೆ `UTR` ಇನ್ನೊಂದು. ಗೂಗಲ್ ಪೇಯಲ್ಲಿ `UPI transaction ID` ಒಂದು, `Google transaction ID` ಇನ್ನೊಂದು. ಆ್ಯಪ್ ಕಂಪನಿ ತನ್ನ ಲೆಕ್ಕಕ್ಕೆ ಇಟ್ಟುಕೊಳ್ಳುವ ನಂಬರನ್ನು ಬ್ಯಾಂಕುಗಳು ಗುರುತಿಸುವುದಿಲ್ಲ. ಬೇಕಾದದ್ದು ಬರೀ ಅಂಕಿಗಳಿರುವ, ಎಣಿಸಿದರೆ ಹನ್ನೆರಡು ಬರುವ ನಂಬರ್. ಚಿಕ್ಕಪ್ಪ ಮೊದಲು ಓದಿ ಹೇಳಿದ್ದು ಅಕ್ಷರ ಇದ್ದ ಉದ್ದದ ನಂಬರ್, ನಾನೂ ನೋಡದೆ ಬರೆದುಕೊಂಡೆ. ಆಮೇಲೆ ಎಣಿಸಿದಾಗ ಗೊತ್ತಾಯಿತು. "ಚಿಕ್ಕಪ್ಪಾ, ಒಂದೊಂದೇ ಅಂಕಿ ಹೇಳಿ, ಕೊನೆಗೆ ಹನ್ನೆರಡು ಆಗ್ಬೇಕು" ಅಂತ ಮತ್ತೆ ಹೇಳಿಸಿದೆ. ಬರೆದುಕೊಂಡದ್ದನ್ನು ನಾಲ್ಕು ನಾಲ್ಕು ಅಂಕಿಯಾಗಿ ಬಿಡಿಸಿ ನಾನು ತಿರುಗಿ ಓದಿದೆ, ಅವರು ಹೂಂಗುಟ್ಟಿದರು.

ನೆಫ್ಟ್ ಮೂಲಕ ಹೋಗಿದ್ದರೆ ಯುಟಿಆರ್ ಹದಿನಾರು ಅಕ್ಷರ ಅಂಕಿಗಳದ್ದು, ಆರ್‌ಟಿಜಿಎಸ್ ಆದರೆ ಇಪ್ಪತ್ತೆರಡು. ಕಾರ್ಡಿನಲ್ಲಿ ಹೋಗಿದ್ದರೆ ಕಾರ್ಡಿನ ಕೊನೆಯ ನಾಲ್ಕು ಅಂಕಿ ಮತ್ತು ಮೆಸೇಜಿನಲ್ಲಿ ಬಂದ ಅಂಗಡಿ ಅಥವಾ ಕಂಪನಿಯ ಹೆಸರನ್ನು ಬರೆದುಕೊಳ್ಳಿ. ಕಾರ್ಡಿನ ಹಿಂದಿನ ಮೂರು ಅಂಕಿಯ ಸಿವಿವಿ, ಪಿನ್, ಒಟಿಪಿ ಈ ಮೂರನ್ನು ಹಾಳೆಯ ಮೇಲೆ ಬರೆಯುವುದೇ ಬೇಡ. ನಿಜವಾದ 1930ರವರಿಗಾಗಲಿ ಬ್ಯಾಂಕಿನವರಿಗಾಗಲಿ ಅವು ಬೇಕಾಗುವುದಿಲ್ಲ.

ಸಂಖ್ಯೆ ಸಿಗುತ್ತಲೇ ಇಲ್ಲ ಅಂದರೆ ಅದಕ್ಕಾಗಿ ಹತ್ತು ನಿಮಿಷ ಕಳೆಯಬೇಡಿ. ಇದ್ದಷ್ಟು ವಿವರದಲ್ಲೇ ಕರೆ ಮಾಡಿ. ನಿಮ್ಮ ಬ್ಯಾಂಕಿನ ಸಹಾಯವಾಣಿಯವರೂ ಅದನ್ನು ನೋಡಿ ಹೇಳಬಲ್ಲರು.

ಕರೆ

1930 ಅಂತಷ್ಟೇ ಒತ್ತಿ. ಹಿಂದೆ ಮುಂದೆ ಏನೂ ಬೇಡ. ಸಹಾಯವಾಣಿಯ ನಂಬರ್ ಯಾವುದು ಅಂತ ಇಂಟರ್ನೆಟ್ಟಿನಲ್ಲಿ ಹುಡುಕಲೇಬೇಡಿ, ಚಿಕ್ಕಪ್ಪನಿಗೆ ಆದದ್ದೇ ಹಾಗೆ ಹುಡುಕಿದ್ದರಿಂದ. ಸೈಬರ್ ಸಹಾಯವಾಣಿ ಎಂದು ಹತ್ತು ಅಂಕಿಯ ಮೊಬೈಲ್ ನಂಬರ್ ಕಂಡರೆ ಅದು ಇನ್ನೊಬ್ಬ ಕಳ್ಳನದು ಅಂತಲೇ ತಿಳಿಯಿರಿ.

ಲೈನ್ ಒಂದೇ ಸಲಕ್ಕೆ ಸಿಗದೇ ಇರಬಹುದು. ನಮಗೆ ಸಿಕ್ಕಿದ್ದು ನಾಲ್ಕನೇ ಸಲಕ್ಕೆ, 4:57ಕ್ಕೆ. ಇಬ್ಬರಿದ್ದರೆ ಕೆಲಸ ಹಂಚಿಕೊಳ್ಳಿ. ಒಬ್ಬರು 1930ಕ್ಕೆ ಪ್ರಯತ್ನಿಸುತ್ತಿರಲಿ, ಇನ್ನೊಬ್ಬರು ಬ್ಯಾಂಕಿಗೆ ಮಾಡಲಿ. ಒಬ್ಬರೇ ಇದ್ದು ಲೈನ್ ಸಿಗದೇ ಹೋದರೆ `cybercrime.gov.in` ತೆರೆದು ಅಲ್ಲೇ ದೂರು ತುಂಬಬಹುದು, ಅದೂ ಅದೇ ವ್ಯವಸ್ಥೆಗೆ ಹೋಗುತ್ತದೆ. ಒಂದೇ ಘಟನೆಗೆ ಮನೆಯ ಮೂವರು ಮೂರು ದೂರು ಕೊಡಬೇಡಿ. ಒಂದೇ ದೂರು, ಒಂದೇ ಮೊಬೈಲ್ ನಂಬರ್ ಇರಲಿ, ಇಲ್ಲವಾದರೆ ಮುಂದೆ ಯಾವ ನಂಬರಿನ ಬೆನ್ನು ಹಿಡಿಯಬೇಕು ಅಂತ ನಿಮಗೇ ಗೊಂದಲ.

ಕನ್ನಡದಲ್ಲೇ ಮಾತಾಡಿ. ಮೊದಲ ವಾಕ್ಯದಲ್ಲೇ ಮುಖ್ಯ ವಿಷಯ ಹೇಳಿ. "ನನ್ನ ಖಾತೆಯಿಂದ ಇವತ್ತು ಸಂಜೆ 4:18ಕ್ಕೂ 4:26ಕ್ಕೂ ಯುಪಿಐ ಮೂಲಕ ಎರಡು ಸಲ ಹಣ ಹೋಗಿದೆ, ಒಟ್ಟು 63,485 ರೂಪಾಯಿ, ಎರಡರದ್ದೂ ಯುಟಿಆರ್ ಇದೆ." ನಾನು ಅವತ್ತು ಹೀಗೆ ಹೇಳಿದ ಕೂಡಲೇ ಆ ಕಡೆಯ ಹೆಣ್ಣುಮಗಳು "ಹೇಳಿ ಸರ್, ಮೊದಲನೆಯದು" ಅಂದು ಟೈಪ್ ಮಾಡಲು ಶುರು ಮಾಡಿದಳು. ಪಾರ್ಸೆಲ್ ಕತೆ, ಕಳ್ಳ ಏನೇನು ಅಂದ, ಇವರು ಏಕೆ ನಂಬಿದರು, ಇದೆಲ್ಲ ಆಮೇಲೆ ಬರೆದು ಕೊಡುವ ವಿಷಯ. ಅವರಿಗೆ ಆ ಹೊತ್ತಿಗೆ ಬೇಕಾದದ್ದು ಅಂಕಿಗಳು. ಖಾತೆದಾರರೇ ಲೈನಿನಲ್ಲಿದ್ದರೆ ಒಳ್ಳೆಯದು. ನಾನು ಚಿಕ್ಕಪ್ಪನನ್ನು ಕಾನ್ಫರೆನ್ಸಿನಲ್ಲಿ ಇಟ್ಟುಕೊಂಡಿದ್ದೆ, ಅವರ ಹೆಸರು ವಿಳಾಸಗಳನ್ನು ಅವರ ಬಾಯಿಂದಲೇ ಹೇಳಿಸಿದೆ.

ಎರಡು ವಹಿವಾಟು ಆಗಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ಹೇಳಿ, ಮೊತ್ತ ಕೂಡಿಸಿ ಒಂದೇ ಅಂಕಿ ಕೊಟ್ಟು ಬಿಡಬೇಡಿ. ಚಿಕ್ಕಪ್ಪನ ಎರಡು ಮೊತ್ತ ಎರಡು ಬೇರೆ ಯುಪಿಐ ಐಡಿಗೆ, ಎರಡು ಬೇರೆ ಬ್ಯಾಂಕಿಗೆ ಹೋಗಿದ್ದವು. ಒಂದರ ನಂಬರ್ ಬಿಟ್ಟುಹೋಗಿದ್ದರೆ ಆ ದಾರಿಯಲ್ಲಿ ಯಾರೂ ಹಿಂಬಾಲಿಸುತ್ತಲೇ ಇರಲಿಲ್ಲ. ಅಂಕಿಗಳನ್ನು ಅವರು ತಿರುಗಿ ಓದದಿದ್ದರೆ ನೀವೇ ಕೇಳಿ ಓದಿಸಿ. ಕರೆ ಮುಗಿದ ಮೇಲೆ ಮೊಬೈಲಿಗೆ ಸ್ವೀಕೃತಿ ಸಂಖ್ಯೆ ಎಸ್‌ಎಂಎಸ್ ಆಗಿ ಬರುತ್ತದೆ. ಅದನ್ನೂ ಅದೇ ಹಾಳೆಯ ಮೇಲೆ ದಪ್ಪಗೆ ಬರೆಯಿರಿ. ಮುಂದಿನ ತಿಂಗಳುಗಳಲ್ಲಿ ಎಲ್ಲ ಕಡೆ ನಿಮ್ಮನ್ನು ಗುರುತಿಸುವುದು ಆ ನಂಬರಿನಿಂದಲೇ.

ಬ್ಯಾಂಕಿಗೆ ಬೇರೆಯಾಗಿ ಏಕೆ ಹೇಳಬೇಕು

1930ಕ್ಕೆ ಹೇಳಿದ್ದಾಯಿತಲ್ಲ, ಬ್ಯಾಂಕಿಗೆ ತಾನಾಗಿಯೇ ಹೋಗುತ್ತದಲ್ಲ ಅಂತ ಅನ್ನಿಸುತ್ತದೆ. ಆದರೂ ಕಾರ್ಡಿನ ಹಿಂಭಾಗದಲ್ಲೋ ಪಾಸ್‌ಬುಕ್ಕಿನಲ್ಲೋ ಇರುವ ನಂಬರಿಗೆ ಬೇರೆಯಾಗಿ ಕರೆ ಮಾಡಲೇಬೇಕು. ಮೊದಲ ಕಾರಣ, ಖಾತೆಯಲ್ಲಿ ಉಳಿದದ್ದನ್ನು ಕಾಪಾಡುವುದು. ಯುಪಿಐ, ಕಾರ್ಡು, ನೆಟ್ ಬ್ಯಾಂಕಿಂಗ್ ಎಲ್ಲ ನಿಲ್ಲಿಸಿ ಅಂತ ಹೇಳಿ.

ಎರಡನೇ ಕಾರಣ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ. ಗ್ರಾಹಕನ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ನಡುವೆ ಎಲ್ಲೋ ಸೋರಿಕೆಯಾಗಿ ಹಣ ಹೋಗಿದ್ದರೆ, ಬ್ಯಾಂಕಿನ ಮೆಸೇಜು ಬಂದ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟ ಬೀಳುವಂತಿಲ್ಲ ಎಂದು ಅದು ಹೇಳುತ್ತದೆ. ನಾಲ್ಕರಿಂದ ಏಳು ಕೆಲಸದ ದಿನದೊಳಗೆ ಹೇಳಿದರೆ ಮಾಮೂಲಿ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ರೂಪಾಯಿ ಹೊರಬೇಕು. ಏಳು ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಏನಿದೆಯೋ ಹಾಗೆ.

ಆದರೆ ಗ್ರಾಹಕ ತಾನೇ ಪಿನ್ ಒತ್ತಿದ್ದರೆ ಅಥವಾ ಒಟಿಪಿ ಹೇಳಿದ್ದರೆ ಲೆಕ್ಕ ಬೇರೆ. ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟ ಪೂರ್ತಿ ಗ್ರಾಹಕನದು. ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ಚಿಕ್ಕಪ್ಪನದು ಈ ಸಾಲಿಗೆ ಬರುತ್ತದೆ, ಎರಡು ಸಲವೂ ಪಿನ್ ಒತ್ತಿದ್ದು ಅವರೇ. ಬ್ಯಾಂಕು ತನ್ನ ಗಂಟಿನಿಂದ ಕೊಡುತ್ತದೆ ಎಂಬ ಆಸೆ ನಮಗೆ ಇರಲಿಲ್ಲ. ದಾರಿಯಲ್ಲಿ ಎಲ್ಲಾದರೂ ಹಣ ಹೋಲ್ಡ್ ಆದರೆ ಅಷ್ಟೇ ನಮ್ಮದು. ಇಂಥ ಪ್ರಕರಣದಲ್ಲಿ 1930ರ ಕರೆಗೆ ಅಷ್ಟು ತೂಕ ಇರುವುದು ಅದಕ್ಕೇ. ಬ್ಯಾಂಕಿಗೆ ಕರೆ ಮಾಡಿದ ನಿಮಿಷ ಮತ್ತು ಅವರು ಕೊಡುವ ದೂರಿನ ಸಂಖ್ಯೆ ಎರಡನ್ನೂ ಬರೆದಿಡಿ. ಆ ನಿಮಿಷದ ಮುಂಚೆ ಎಷ್ಟು ಹೋಯಿತು, ಆಮೇಲೆ ಎಷ್ಟು ಹೋಯಿತು ಎಂಬ ಪ್ರಶ್ನೆ ಮುಂದೆ ಎದ್ದರೆ ನಿಮ್ಮ ಕೈಲಿರುವ ಪುರಾವೆ ಅದು. ಬ್ಯಾಂಕು ಮೂವತ್ತು ದಿನವಾದರೂ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸರಿಯಿಲ್ಲ ಅನ್ನಿಸಿದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in`ನಲ್ಲಿ ದೂರು ಕೊಡಬಹುದು.

ಇಪ್ಪತ್ತನಾಲ್ಕು ಗಂಟೆಯೊಳಗಿನ ಬರವಣಿಗೆ

ಫೋನಿನಲ್ಲಿ ಹೇಳಿದ್ದು ಅರ್ಧ ಕೆಲಸ. ಉಳಿದರ್ಧ `cybercrime.gov.in`ನಲ್ಲಿ ದೂರನ್ನು ಪೂರ್ತಿ ಮಾಡುವುದು, ಅದನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕು. ವಿಳಾಸದ ಕೊನೆಯಲ್ಲಿ `gov.in` ಇದೆಯೇ ಅಂತ ನೋಡಿಕೊಳ್ಳಿ. ಮೊಬೈಲ್ ನಂಬರ್ ಹಾಕಿ ಒಳಗೆ ಹೋಗಿ, ಸ್ವೀಕೃತಿ ಸಂಖ್ಯೆಯ ದೂರನ್ನು ತೆರೆದು, ಬಿಟ್ಟುಹೋದ ವಿವರ ತುಂಬಿ, ಸ್ಕ್ರೀನ್‌ಶಾಟ್‌ಗಳನ್ನು ಏರಿಸಿ. ಬ್ಯಾಂಕಿನ ಎಸ್‌ಎಂಎಸ್, ಯುಪಿಐ ಆ್ಯಪಿನ ಆ ವಹಿವಾಟಿನ ಪುಟ, ಕಾಲ್ ಲಿಸ್ಟಿನಲ್ಲಿ ಕಳ್ಳನ ನಂಬರ್ ಕಾಣುವ ಚಿತ್ರ, ಚಾಟ್ ಇದ್ದರೆ ಅದು, ಖಾತೆಯ ಸ್ಟೇಟ್‌ಮೆಂಟು, ನಿಮ್ಮ ಒಂದು ಗುರುತಿನ ಚೀಟಿ.

ಘಟನೆಯ ವಿವರ ಬರೆಯುವ ಪೆಟ್ಟಿಗೆಯಲ್ಲಿ ಕನಿಷ್ಠ ಇನ್ನೂರು ಅಕ್ಷರ ಕೇಳುತ್ತದೆ, ಚಿಹ್ನೆಗಳನ್ನು ಹಾಕಿದರೆ ತಕರಾರು ಮಾಡುತ್ತದೆ. ರೂಪಾಯಿ ಚಿಹ್ನೆ, ಹ್ಯಾಷ್, ಆವರಣ ಚಿಹ್ನೆಗಳನ್ನು ಬಿಟ್ಟು ಸಾದಾ ವಾಕ್ಯದಲ್ಲಿ ಬರೆಯಿರಿ. ಇಲ್ಲಿ ಕತೆ ಕ್ರಮವಾಗಿ ಇರಲಿ: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ನಂಬರಿನಿಂದ ಕರೆ, ಏನು ಹೇಳಿ ಏನು ಮಾಡಿಸಿದ, ಎಷ್ಟು ಹೊತ್ತಿಗೆ ಎಷ್ಟು ಹೋಯಿತು. ಪಿನ್ ಒತ್ತಿದ್ದು ನೀವೇ ಆದರೆ ಹಾಗೆಯೇ ಬರೆಯಿರಿ. "ತಾನಾಗಿ ಹೋಯಿತು ಅಂತ ಬರಿ ಮಾರಾಯ, ಮರ್ಯಾದೆ ಪ್ರಶ್ನೆ" ಅಂದರು ಚಿಕ್ಕಪ್ಪ. ನಾನು ಒಪ್ಪಲಿಲ್ಲ. ಪಿನ್ ಹಾಕಿದ ದಾಖಲೆ ಬ್ಯಾಂಕಿನಲ್ಲಿರುತ್ತದೆ, ಸುಳ್ಳು ಒಂದು ಸೇರಿದರೆ ಮುಂದೆ ಇಡೀ ದೂರನ್ನೇ ಅನುಮಾನದಿಂದ ನೋಡುತ್ತಾರೆ. ಮೋಸ ಮಾಡಿ ಪಿನ್ ಒತ್ತಿಸಿದರೂ ಅದು ಅಪರಾಧವೇ.

ಈ ಸ್ವೀಕೃತಿ ಸಂಖ್ಯೆ ಎಫ್‌ಐಆರ್ ಅಲ್ಲ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆರು ತಿಂಗಳು ಬಿಟ್ಟು ಕೇಳಲು ಹೋದಾಗ ಪ್ರಕರಣವೇ ದಾಖಲಾಗಿರುವುದಿಲ್ಲ. ದೂರಿನ ಪ್ರಿಂಟು, ಸ್ಟೇಟ್‌ಮೆಂಟು, ಸ್ಕ್ರೀನ್‌ಶಾಟ್‌ಗಳ ಪ್ರತಿ ಹಿಡಿದು ಠಾಣೆಗೆ ಹೋಗಬೇಕು. ಕರ್ನಾಟಕದ ಜಿಲ್ಲೆಗಳಲ್ಲಿ ಇದಕ್ಕೆಂದೇ ಇರುವ ಸೈಬರ್ ಠಾಣೆಯನ್ನು ಜನ ಸೆನ್ ಠಾಣೆ ಅಂತಲೇ ಕರೆಯುವುದು. ಅದು ದೂರವಾದರೆ ಹತ್ತಿರದ ಯಾವ ಠಾಣೆಯಲ್ಲೂ ಹೇಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ತಮ್ಮ ಸರಹದ್ದಿನಲ್ಲಿ ನಡೆದಿಲ್ಲ ಎಂಬ ಕಾರಣಕ್ಕೆ ದೂರನ್ನು ತಿರಸ್ಕರಿಸುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು, ಕೇಳಿ ತೆಗೆದುಕೊಳ್ಳಿ.

ಆರನೇ ದಿನದ ಫೋನ್

ಆರನೇ ದಿನ ಚಿಕ್ಕಪ್ಪನಿಗೆ ಒಂದು ಕರೆ ಬಂತು. "ಸೈಬರ್ ಇಲಾಖೆಯಿಂದ ಮಾತಾಡ್ತಿದ್ದೀವಿ, ನಿಮ್ಮ 63,485 ರೂಪಾಯಿ ಸಿಕ್ಕಿದೆ. ಬಿಡುಗಡೆಗೆ 2,500 ಶುಲ್ಕ ಕಟ್ಟಬೇಕು." ಮೊತ್ತ ಸರಿಯಾಗಿ ಹೇಳಿದ್ದರಿಂದ ಇವರು ಅರ್ಧ ನಂಬಿಬಿಟ್ಟಿದ್ದರು. ಎಷ್ಟು ಹೋಗಿದೆ ಎಂದು ಕದ್ದವನಿಗೆ ಗೊತ್ತಿರುವುದಿಲ್ಲವೇ? ದುಡ್ಡು ಕಳೆದುಕೊಂಡವರಿಗೆ ಎರಡನೇ ಸಲ ಬಲೆ ಬೀಸುವುದು ಈ ದಂಧೆಯ ಮಾಮೂಲಿ ಕ್ರಮ. 1930 ಯಾವ ಶುಲ್ಕವನ್ನೂ ಕೇಳುವುದಿಲ್ಲ, ಒಟಿಪಿ ಕೇಳುವುದಿಲ್ಲ, ಲಿಂಕ್ ಕಳಿಸಿ ಒತ್ತಿ ಅನ್ನುವುದಿಲ್ಲ. ಪೊಲೀಸರ ಹೆಸರು ಹೇಳಿ ಯಾರೇ ಕರೆ ಮಾಡಿದರೂ ಹೆಸರು, ಠಾಣೆ ಕೇಳಿ ಬರೆದುಕೊಂಡು ಫೋನ್ ಇಟ್ಟು, ಎಫ್‌ಐಆರ್ ಆದ ಠಾಣೆಗೆ ನೀವೇ ಹೋಗಿ ವಿಚಾರಿಸಿ.

ಹೋಲ್ಡ್ ಆದ ಹಣ ಕೈಗೆ ಬರುವುದು

ದೂರಿನ ಸ್ಥಿತಿಯನ್ನು ಅದೇ ಜಾಲತಾಣದಲ್ಲಿ ಸ್ವೀಕೃತಿ ಸಂಖ್ಯೆ ಹಾಕಿ ನೋಡಬಹುದು. ನಮ್ಮ ವಿಷಯದಲ್ಲಿ 24,870 ರೂಪಾಯಿ ನಾವು ಕರೆ ಮಾಡುವ ಹೊತ್ತಿಗೆ ಎಟಿಎಂನಿಂದ ಹೊರಗೆ ಹೋಗಿಯಾಗಿತ್ತು. 38,615ರಲ್ಲಿ ಒಂದು ಚೂರು ಮುಂದಿನ ಖಾತೆಗೆ ದಾಟಿ ಕರಗಿತ್ತು, 31,400 ರೂಪಾಯಿ ಮಾತ್ರ ಹೋಲ್ಡ್ ಆಗಿ ನಿಂತಿತ್ತು. ಎರಡನೇ ವಹಿವಾಟಿಗೂ ನಮ್ಮ ಕರೆಗೂ ನಡುವೆ ಇದ್ದದ್ದು ಮೂವತ್ತೊಂದು ನಿಮಿಷ.

ಹೋಲ್ಡ್ ಆದ ಹಣ ತಾನಾಗಿ ವಾಪಸ್ ಬರುತ್ತದೆ ಅಂತ ಕಾದು ಕೂರಬೇಡಿ. ಅದು ಆ ಕಡೆಯ ಖಾತೆಯಲ್ಲಿ ಯಾರೂ ಮುಟ್ಟದಂತೆ ಕೂತಿರುತ್ತದೆ, ಅಷ್ಟೇ. ನಮ್ಮ ವಿಷಯದಲ್ಲಿ ಅದನ್ನು ಬಿಡಿಸಿದ್ದು ನ್ಯಾಯಾಲಯದ ಆದೇಶ. ಎಫ್‌ಐಆರ್ ಆದ ಮೇಲೆ ತನಿಖಾಧಿಕಾರಿಯಿಂದ ಯಾವ ಬ್ಯಾಂಕಿನಲ್ಲಿ ಎಷ್ಟು ಹೋಲ್ಡ್ ಆಗಿದೆ ಎಂಬ ವಿವರ ಪಡೆದೆವು. ಅದನ್ನಿಟ್ಟು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ, ಈ ಹಣ ನಮ್ಮದು, ನಮ್ಮ ಖಾತೆಗೆ ಬಿಡುಗಡೆ ಮಾಡಿಸಿ ಎಂದು ವಕೀಲರ ಮೂಲಕ ಅರ್ಜಿ ಹಾಕಿದೆವು. ಹಳೆಯ ಸಿಆರ್‌ಪಿಸಿಯಲ್ಲಿ ಇದಕ್ಕೆ 457ನೇ ಕಲಮು ಇತ್ತು, ಹೊಸ ಸಂಹಿತೆಯಲ್ಲಿ 503. ಪೊಲೀಸರು ತಕರಾರಿಲ್ಲ ಎಂದು ವರದಿ ಕೊಟ್ಟರು, ಚಿಕ್ಕಪ್ಪ ಬಾಂಡ್ ಬರೆದುಕೊಟ್ಟರು, ನ್ಯಾಯಾಲಯ ಆದೇಶ ಮಾಡಿತು. ಆದೇಶದ ಪ್ರತಿ ಆ ಕಡೆಯ ಬ್ಯಾಂಕಿಗೆ ಹೋಯಿತು.

ವಕೀಲರು ಮೊದಲ ದಿನ ಕೇಳಿದ ಕಾಗದಗಳಲ್ಲಿ ನಮ್ಮ ಆ ಹಾಳೆಯೂ ಸೇರಿತ್ತು, ಚಿಕ್ಕಪ್ಪ ಅದನ್ನು ಪಾಸ್‌ಬುಕ್ಕಿನೊಳಗೆ ಮಡಚಿ ಇಟ್ಟಿದ್ದರು. ತಪ್ಪಾಗಿ ಬರೆದು ಹೊಡೆದುಹಾಕಿದ ಉದ್ದದ ನಂಬರ್, ಅದರ ಕೆಳಗೆ ನಾಲ್ಕು ನಾಲ್ಕಾಗಿ ಬಿಡಿಸಿ ಬರೆದ ಹನ್ನೆರಡು ಅಂಕಿ, ಅಂಚಿನಲ್ಲಿ 4:57. ಘಟನೆ ನಡೆದು ಏಳನೇ ತಿಂಗಳಿಗೆ ಅವರ ಖಾತೆಗೆ 31,400 ರೂಪಾಯಿ ಜಮಾ ಆಯಿತು. ಮೆಸೇಜು ಬಂದ ತಕ್ಷಣ ನನಗೆ ಫೋನ್ ಮಾಡಿ, ಅದರಲ್ಲಿದ್ದ ರೆಫ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದರು.